ತೂತು 52ಕ್ಕೋ, 54ಕ್ಕೋ?

ಅಲ್ಯೂಮಿನಿಯಂನ ಒಂದು ಬ್ರ್ಯಾಕೆಟ್. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಮಲಗಿರುವ ಭಾಗ ಬೇಸ್. ಅದು ಯಂತ್ರದ ತಳದ ಪ್ಲೇಟಿನ ಮೇಲೆ ನಾಲ್ಕು ಬೋಲ್ಟುಗಳಿಂದ ಕೂರುತ್ತದೆ. ನಿಂತಿರುವ ಭಾಗದಲ್ಲಿ 38.1 ಮಿಲಿಮೀಟರ್ ವ್ಯಾಸದ ಒಂದು ದೊಡ್ಡ ತೂತು. ಮೋಟರಿನ ಮುಖದ ಮೇಲಿನ ದುಂಡನೆಯ ಉಬ್ಬು ಅದರೊಳಗೆ ಬಿಗಿಯಾಗಿ ಕೂರಬೇಕು. ಡ್ರಾಯಿಂಗಿನ ಫ್ರಂಟ್ ವ್ಯೂ, ಅಂದರೆ ಎದುರಿನಿಂದ ನೋಡಿದ ಚಿತ್ರ, ಬೇಸಿನ ತಳದಿಂದ ಈ ತೂತಿನ ನಡುಬಿಂದುವಿಗೆ 52 ಮಿ.ಮೀ. ಎನ್ನುತ್ತದೆ. ಅದೇ ಹಾಳೆಯ ಬಲಗಡೆ, ಬ್ರ್ಯಾಕೆಟನ್ನು ನಡುವೆ ಸೀಳಿ ತೋರಿಸಿರುವ ಸೆಕ್ಷನ್ ಎ-ಎ, ಅದೇ ಎತ್ತರವನ್ನು 54 ಎನ್ನುತ್ತದೆ.

ಮೆಷಿನಿಸ್ಟನ ಮುಂದೆ ಅಳತೆಗೆ ಕತ್ತರಿಸಿಟ್ಟ 40 ಅಲ್ಯೂಮಿನಿಯಂ ಬ್ಲಾಕುಗಳಿವೆ. ಒಂದೊಂದು 105, 85, 95 ಮಿ.ಮೀ. ಅಳತೆಯದು, ತೂಕ ಸುಮಾರು ಎರಡೂಕಾಲು ಕಿಲೋ. ಒಟ್ಟು 90 ಕಿಲೋಗೂ ಹೆಚ್ಚು ಲೋಹ. ಪ್ರೋಗ್ರಾಮಿನಲ್ಲಿ ತೂತಿನ ಎತ್ತರಕ್ಕೆ ಒಂದೇ ಸಂಖ್ಯೆ ಬರೆಯಲು ಸಾಧ್ಯ. ಅವನು ಮೆಷಿನ್ನಿನಿಂದ ಸರಿದು ಕಂಪ್ಯೂಟರಿನ ಮುಂದೆ ಕೂತು, ಡಿಸೈನ್ ಎಂಜಿನಿಯರಿಗೆ ಒಂದು ಇಮೇಲ್ ಬರೆಯುತ್ತಾನೆ.

ಇದು ವಿವರಣೆಗಾಗಿ ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಬೆಂಗಳೂರಿನ ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬೇರೆಯವರ ಡ್ರಾಯಿಂಗ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಜಾಬ್‌ಶಾಪುಗಳಿಗೆ ಈ ಪರಿಸ್ಥಿತಿ ಹೊಸದಲ್ಲ. ಹೊರಗಿನವರಿಗೆ ಇದು ಸಣ್ಣ ಗೊಂದಲ, ಒಂದು ಫೋನ್ ಮಾಡಿದರೆ ಮುಗಿಯುವ ಮಾತು ಎನಿಸುತ್ತದೆ. ಒಳಗಿನ ಕೆಲವರಿಗೆ ಅದೂ ಬೇಡ. ಅನುಭವವಿದ್ದರೆ ಯಾವುದು ಸರಿ ಎಂದು ಡ್ರಾಯಿಂಗ್ ನೋಡಿಯೇ ಹೇಳಬಹುದು ಎಂಬ ನಂಬಿಕೆ. ಆ ನಂಬಿಕೆ ಎಷ್ಟು ದೂರ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಬ್ರ್ಯಾಕೆಟ್ ಚೆನ್ನಾಗಿ ತೋರಿಸುತ್ತದೆ.

ಮೊದಲು, ಒಂದೇ ಎತ್ತರ ಎರಡು ಕಡೆ ಕಾಣಿಸಿಕೊಳ್ಳುವುದಾದರೂ ಹೇಗೆ? ಘನವಾದ ವಸ್ತುವನ್ನು ಚಪ್ಪಟೆ ಹಾಳೆಯ ಮೇಲೆ ಅಳತೆ ಕೆಡದಂತೆ ತೋರಿಸಲು ಅದನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೇರವಾಗಿ ನೋಡಿದಂತೆ ಬೇರೆ ಬೇರೆ ಚಿತ್ರ ಬರೆಯುತ್ತಾರೆ. ಈ ಪದ್ಧತಿಗೆ ಗಣಿತದ ಅಡಿಪಾಯ ಹಾಕಿದವನು ಹದಿನೆಂಟನೆಯ ಶತಮಾನದ ಫ್ರೆಂಚ್ ಗಣಿತಜ್ಞ ಗಾಸ್ಪಾರ್ ಮೊಂಜ್. ಎದುರಿನ ನೋಟದಲ್ಲಿ ಅಗಲ ಮತ್ತು ಎತ್ತರ ಕಾಣುತ್ತವೆ, ಮೇಲಿನ ನೋಟದಲ್ಲಿ ಅಗಲ ಮತ್ತು ಉದ್ದ, ಪಕ್ಕದ ನೋಟದಲ್ಲಿ ಉದ್ದ ಮತ್ತು ಎತ್ತರ. ಹೀಗಾಗಿ ಪ್ರತಿ ಅಳತೆಯೂ ಎರಡು ನೋಟಗಳಲ್ಲಿ ಸಿಗುತ್ತದೆ. ಚಿತ್ರ ಅರ್ಥವಾಗುವುದೇ ಈ ಪುನರುಕ್ತಿಯಿಂದ. ಆದರೆ ಎರಡೂ ಕಡೆ ಸಂಖ್ಯೆಯನ್ನೂ ಬರೆದುಬಿಟ್ಟರೆ ಎರಡು ಸಾಕ್ಷಿಗಳು ಹುಟ್ಟುತ್ತವೆ. ಇಂದು ಒಂದೇ ಮಾತು ಹೇಳುವ ಸಾಕ್ಷಿಗಳು ನಾಳೆ ಡ್ರಾಯಿಂಗ್ ತಿದ್ದಿದಾಗ ಬೇರೆ ಮಾತು ಹೇಳಬಹುದು. ಅದಕ್ಕೇ ಒಂದು ಅಳತೆಯನ್ನು ಹಾಳೆಯಲ್ಲಿ ಒಂದೇ ಬಾರಿ, ಅದು ಅತ್ಯಂತ ಸ್ಪಷ್ಟವಾಗಿ ಕಾಣುವ ನೋಟದಲ್ಲಿ ಕೊಡಬೇಕು ಎಂಬ ನಿಯಮ. ಭಾರತೀಯ ಮಾನಕ ಬ್ಯೂರೋ ಶಾಲೆ ಕಾಲೇಜುಗಳಿಗಾಗಿ ಹೊರತಂದಿರುವ ಎಸ್‌ಪಿ 46 ಕೈಪಿಡಿ ಇದನ್ನೇ ಹೇಳುತ್ತದೆ; ಅಂತರರಾಷ್ಟ್ರೀಯ ಮಾನಕಗಳೂ ಹೇಳುತ್ತವೆ. ಓದುವವರ ಅನುಕೂಲಕ್ಕೆ ಇನ್ನೊಂದು ಕಡೆ ಬರೆಯಲೇಬೇಕಾದರೆ ಆ ಸಂಖ್ಯೆಯನ್ನು ಕಂಸದಲ್ಲಿ ಹಾಕಬೇಕು. ಕಂಸದೊಳಗಿನ ಅಳತೆ ಮಾಹಿತಿಗೆ ಮಾತ್ರ, ಅದನ್ನು ನೋಡಿ ಲೋಹ ಕಡಿಯುವಂತಿಲ್ಲ. ನಮ್ಮ ಬ್ರ್ಯಾಕೆಟ್ಟಿನಲ್ಲಿ 52ಕ್ಕೂ ಕಂಸವಿಲ್ಲ, 54ಕ್ಕೂ ಇಲ್ಲ. ಎರಡೂ ಸಮಾನ ಅಧಿಕಾರದಿಂದ ಮಾತಾಡುತ್ತಿವೆ.

ನಿಯಮ ಗೊತ್ತಿದ್ದವರ ಕೈಯಲ್ಲೂ ಇದು ಹೇಗಾಗುತ್ತದೆ? ಇವತ್ತಿನ ಮೂರು ಆಯಾಮದ ಕ್ಯಾಡ್ ತಂತ್ರಾಂಶಗಳಲ್ಲಿ ಎಲ್ಲ ನೋಟಗಳೂ ಒಂದೇ ಮಾದರಿಯಿಂದ ಹುಟ್ಟುತ್ತವೆ. ಮಾದರಿ ಬದಲಾದರೆ ನೋಟಗಳೂ ಬದಲಾಗುತ್ತವೆ. ಅಲ್ಲಿ ಎರಡು ನೋಟಗಳು ಜಗಳವಾಡುವುದು ಅಪರೂಪ. ಜಗಳ ಹುಟ್ಟುವುದು ಹಳೆಯದೂ ಹೊಸದೂ ಒಂದೇ ಹಾಳೆಯಲ್ಲಿ ಬೆರೆತಾಗ. ವರ್ಷಗಳ ಹಿಂದೆ ಎರಡು ಆಯಾಮದಲ್ಲಿ ಬರೆದಿಟ್ಟ ಫ್ರಂಟ್ ವ್ಯೂ ಹಾಗೇ ಉಳಿದಿರುತ್ತದೆ. ಯಾರೋ ಆಮೇಲೆ ಮಾದರಿ ಮಾಡಿ, ಅದರಿಂದ ಒಂದು ಸೆಕ್ಷನ್ ತೆಗೆದು ಪಕ್ಕದಲ್ಲಿ ಅಂಟಿಸುತ್ತಾರೆ. ಇನ್ನೊಂದು ದಾರಿ, ಅಳತೆಯನ್ನು ಕೈಯಿಂದ ಟೈಪ್ ಮಾಡುವುದು. ಆಟೋಕ್ಯಾಡ್‌ನಲ್ಲಿ ಅಳತೆಯ ಪಠ್ಯದ ಜಾಗದಲ್ಲಿ `<>` ಎಂಬ ಗುರುತು ಇದ್ದರೆ ತಂತ್ರಾಂಶ ತಾನೇ ಗೆರೆಯನ್ನು ಅಳೆದು ಸಂಖ್ಯೆ ತೋರಿಸುತ್ತದೆ. ಆ ಗುರುತನ್ನು ಅಳಿಸಿ ಬರೀ 52 ಎಂದು ಬರೆದರೆ, ಆಮೇಲೆ ಗೆರೆ ಎಲ್ಲಿಗೆ ಸರಿದರೂ ಅಲ್ಲಿ 52 ಎಂದೇ ಇರುತ್ತದೆ. ಮುದ್ರಿಸಿದ ಹಾಳೆಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಈಗ ಮೆಷಿನಿಸ್ಟನ ಕಡೆಗೆ ಬರೋಣ. ಮೇಲ್ ಬರೆಯುವ ಮುಂಚೆ ಅವನು ಮಾಡುವ ಕೆಲಸ ಬಹಳ. ಎರಡೂ ಸಂಖ್ಯೆಗಳು ನಿಜವಾಗಿ ಒಂದೇ ದೂರವನ್ನು ಹೇಳುತ್ತಿವೆಯೇ ಎಂಬುದು ಮೊದಲ ಪ್ರಶ್ನೆ. ಬಾಣದ ತುದಿ ತೂತಿನ ನಡುಗೆರೆಗೆ ತಾಕಿದೆಯೋ ಅಂಚಿಗೆ ತಾಕಿದೆಯೋ, ಆ ಬದಿಯಲ್ಲಿ ಬೇಸಿನ ತಳದಿಂದ ಹೊರಟಿದೆಯೋ ಮೇಲ್ಮೈಯಿಂದ ಹೊರಟಿದೆಯೋ ಎಂದು ಗೆರೆಯ ಮೇಲೆ ಬೆರಳಿಟ್ಟು ನೋಡಬೇಕು. ಹಾಳೆ ಯಾವ ಪದ್ಧತಿಯದು ಎಂಬುದೂ ಮುಖ್ಯ. ನಮ್ಮಲ್ಲಿ ಫಸ್ಟ್ ಆ್ಯಂಗಲ್ ರೂಢಿ, ಅಮೆರಿಕದ ಕಂಪನಿಗಳಿಂದ ಬರುವ ಡ್ರಾಯಿಂಗುಗಳಲ್ಲಿ ಥರ್ಡ್ ಆ್ಯಂಗಲ್. ಎರಡರಲ್ಲೂ ಚಿತ್ರಗಳು ಒಂದೇ, ಆದರೆ ಎಡದಿಂದ ನೋಡಿದ್ದು ಒಂದರಲ್ಲಿ ಬಲಕ್ಕೆ ಬರುತ್ತದೆ, ಇನ್ನೊಂದರಲ್ಲಿ ಎಡಕ್ಕೇ ಉಳಿಯುತ್ತದೆ. ಹಾಳೆಯ ಮೂಲೆಯಲ್ಲಿರುವ ತುದಿ ಕತ್ತರಿಸಿದ ಶಂಕುವಿನ ಗುರುತನ್ನು ನೋಡದೆ ಓದಿದರೆ ಇಲ್ಲದ ಜಗಳ ಕಾಣಿಸಬಹುದು. ನಮ್ಮ ಹಾಳೆಯಲ್ಲಿ ಹಾಗೇನಿಲ್ಲ. ಎರಡೂ ಬಾಣಗಳು ತಳದಿಂದ ಹೊರಟು ನಡುಗೆರೆಗೇ ತಾಕುತ್ತವೆ.

ಇನ್ನು ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬ ಮಿತಿ. ಏನೂ ಬರೆಯದ ಅಳತೆಗಳಿಗೆ ಹಾಳೆಯ ಕೆಳಗೆ ಸಾಮಾನ್ಯ ಮಿತಿಯೊಂದನ್ನು ಹೇಳಿರುತ್ತಾರೆ. ಐಎಸ್‌ಒ 2768ರ ಮಧ್ಯಮ ದರ್ಜೆ ಎಂದಿದ್ದರೆ, 30ರಿಂದ 120 ಮಿ.ಮೀ. ನಡುವಿನ ಅಳತೆಗಳು 0.3 ಮಿ.ಮೀ. ಮೇಲೆ ಕೆಳಗೆ ಆಗಬಹುದು. ಈ ತೂತಿನ ಎತ್ತರಕ್ಕೆ ಎರಡೂ ಕಡೆ ಇನ್ನೂ ಬಿಗಿಯಾದ ±0.1 ಬರೆದಿದೆ. ಅದು ಒಂದು ವಿಷಯವನ್ನು ಹೇಳದೆಯೇ ಹೇಳುತ್ತದೆ: ಈ ಎತ್ತರ ಇನ್ನಾವುದೋ ಭಾಗಕ್ಕೆ ಹೊಂದಬೇಕಾದದ್ದು, ಸುಮ್ಮನೆ ಬರೆದದ್ದಲ್ಲ. ಎರಡು ಮಿಲಿಮೀಟರಿನ ವ್ಯತ್ಯಾಸ ಆ ಮಿತಿಯ ಇಪ್ಪತ್ತು ಪಟ್ಟು. ನಡುವೆ 53 ಇಟ್ಟು ಎರಡಕ್ಕೂ ಸಮಾಧಾನ ಹೇಳುವಂತಿಲ್ಲ. 53 ಎರಡು ನೋಟಗಳ ಪ್ರಕಾರವೂ ತಪ್ಪು.

ಆಮೇಲೆ ರಿವಿಷನ್ ಪಟ್ಟಿ. ಹಾಳೆಯ ಮೇಲ್ಮೂಲೆಯ ಆ ಪುಟ್ಟ ಚೌಕದಲ್ಲಿ ಒಂದೇ ಸಾಲು ಇದೆ: ರಿವಿಷನ್ ಬಿ, ಬೇಸ್ ದಪ್ಪ 10 ಇದ್ದದ್ದು 12. ತೂತಿನ ಮಾತೇ ಇಲ್ಲ. ಆದರೆ ಹನ್ನೆರಡರಲ್ಲಿ ಹತ್ತು ಕಳೆದರೆ ಎರಡು, ಐವತ್ತನಾಲ್ಕರಲ್ಲಿ ಐವತ್ತೆರಡು ಕಳೆದರೂ ಎರಡು. ಅನುಭವಿ ಮೆಷಿನಿಸ್ಟನ ಕಣ್ಣು ಅಲ್ಲೇ ನಿಲ್ಲುತ್ತದೆ. ಅವನು ಒಂದಕ್ಕೊಂದು ಅಳತೆಯಲ್ಲಿ ಮುದ್ರಿಸಿದ ಹಾಳೆಯ ಮೇಲೆ ಸ್ಕೇಲ್ ಇಡುತ್ತಾನೆ. ಡ್ರಾಯಿಂಗನ್ನು ಸ್ಕೇಲಿನಿಂದ ಅಳೆಯಬೇಡಿ ಎಂದು ಬಹಳ ಹಾಳೆಗಳ ಮೇಲೆ ಎಚ್ಚರಿಕೆ ಇರುತ್ತದೆ, ಕಾಗದದ ಅಳತೆಯನ್ನು ನಂಬಿ ಲೋಹ ಕಡಿಯಬಾರದು ನಿಜ. ಸುಳಿವು ಹುಡುಕಲು ಮಾತ್ರ ಅಳೆಯಬಹುದು. ಫ್ರಂಟ್ ವ್ಯೂನಲ್ಲಿ ಬೇಸಿನ ಮೇಲ್ಮೈಯನ್ನು ತೋರಿಸುವ ತುಂಡು ಗೆರೆ ತಳದಿಂದ 10 ಮಿ.ಮೀ. ಎತ್ತರದಲ್ಲಿದೆ. ಸೆಕ್ಷನ್ನಿನಲ್ಲಿ ಬೇಸ್ 12 ಇದೆ. ಅಂದರೆ ಫ್ರಂಟ್ ವ್ಯೂ ರಿವಿಷನ್ ಬಿಗಿಂತ ಹಿಂದಿನದು, ಬೇಸ್ ದಪ್ಪವಾದದ್ದು ಅದಕ್ಕೆ ಗೊತ್ತೇ ಇಲ್ಲ. ಕೊನೆಗೆ ಡ್ರಾಯಿಂಗಿನ ಜೊತೆ ಬಂದಿದ್ದ ಮಾದರಿಯ ಕಡತ ತೆರೆದು ಅಳೆದರೆ, ಅಲ್ಲೂ 54.

ಇಷ್ಟು ಸಾಕ್ಷ್ಯ ಕೈಯಲ್ಲಿರುವಾಗ ಯಾರಾದರೂ ಏನೆನ್ನುತ್ತಾರೆ? 52 ಹಳೆಯದು, 54 ಹೊಸದು, ಮಾದರಿಯೂ 54 ಎನ್ನುತ್ತಿದೆ, ಇನ್ನೇನು ಬೇಕು, ಹೊಡೆದುಬಿಡಿ ಎನ್ನುತ್ತಾರೆ. ನಾನು ಈ ಉದಾಹರಣೆಯನ್ನು ಆರಿಸಿಕೊಂಡದ್ದೇ ಈ ಘಟ್ಟಕ್ಕಾಗಿ. ಅವನು ಕಂಡುಹಿಡಿದದ್ದು ಯಾವುದು ಹೊಸದು ಎಂಬುದನ್ನು. ಯಾವುದು ಬೇಕಾದದ್ದು ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ, ಅದಕ್ಕೆ ಉತ್ತರ ಆ ಹಾಳೆಯಲ್ಲಿ ಇಲ್ಲ. ಬೇಸ್ ದಪ್ಪವಾದಾಗ ತೂತೂ ಜೊತೆಗೆ ಮೇಲೇರಬೇಕಿತ್ತೋ, ಇದ್ದಲ್ಲೇ ನಿಲ್ಲಬೇಕಿತ್ತೋ ಎಂಬುದನ್ನು ಹೇಳಬಲ್ಲದ್ದು ಈ ಬ್ರ್ಯಾಕೆಟ್ ಎಲ್ಲಿ, ಯಾವುದರ ಎದುರು ಕೂರುತ್ತದೆ ಎಂಬ ವಿಷಯ. ಬಿಡಿಭಾಗದ ಡ್ರಾಯಿಂಗಿನಲ್ಲಿ ಅದು ಇರುವುದಿಲ್ಲ. ಜಾಬ್‌ಶಾಪಿಗೆ ಪೂರ್ತಿ ಯಂತ್ರದ ಜೋಡಣೆ ಚಿತ್ರವನ್ನು ಕೊಡುವ ಕಂಪನಿಗಳು ಕಡಿಮೆ.

ವಸ್ತುವೇ ತಕರಾರು ತೆಗೆದರೆ ಒಂದು ಸಹಾಯವಾಗುತ್ತಿತ್ತು. ಕೆಲವೊಮ್ಮೆ ಎರಡರಲ್ಲಿ ಒಂದು ಅಳತೆ ಅಸಾಧ್ಯವಾಗಿರುತ್ತದೆ: ತೂತು ಅಂಚಿನಿಂದ ಹೊರಗೆ ಹೋಗುತ್ತದೆ, ಇಲ್ಲವೇ ಬೋಲ್ಟಿನ ತಲೆಗೆ ಜಾಗ ಸಾಲುವುದಿಲ್ಲ. ಇಲ್ಲಿ ಬ್ರ್ಯಾಕೆಟ್ಟಿನ ಒಟ್ಟು ಎತ್ತರ 90. ನಡುಬಿಂದು 54ರಲ್ಲಿದ್ದರೂ ತೂತಿನ ಮೇಲಂಚು 73ರ ಹತ್ತಿರ ಮುಗಿಯುತ್ತದೆ, ಮೇಲೆ ಬೇಕಾದಷ್ಟು ಲೋಹ ಉಳಿಯುತ್ತದೆ. 52ರಲ್ಲಿದ್ದರೂ ಕೆಳಗೆ ಏನೂ ಅಡ್ಡ ಬರುವುದಿಲ್ಲ. ಎರಡೂ ಬ್ರ್ಯಾಕೆಟುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದೂ ಕಷ್ಟ. ಎಲ್ಲ ಬಿಡಿಭಾಗಗಳನ್ನೂ ಒಂದೆಡೆ ತಂದು ಜೋಡಿಸುವ ದಿನದವರೆಗೆ ತಪ್ಪು ಅಡಗಿಯೇ ಇರುತ್ತದೆ.

ಲೋಹದ ಕೆಲಸದಲ್ಲಿ ಅನುಮಾನ ಬಂದಾಗ ಹೆಚ್ಚು ಲೋಹ ಉಳಿಸು ಎಂಬ ಒಂದು ಬುದ್ಧಿವಂತಿಕೆ ಇದೆ. ಉದ್ದದಲ್ಲಿ ಅನುಮಾನವಿದ್ದರೆ ದೊಡ್ಡ ಅಳತೆಗೆ ನಿಲ್ಲಿಸಿ, ಆಮೇಲೆ ಬೇಕಾದರೆ ಇನ್ನೊಂದು ಸಲ ಕಡಿಯಬಹುದು. ತೂತಿನ ಜಾಗಕ್ಕೆ ಈ ಬುದ್ಧಿ ನಡೆಯದು. 38.1ರ ತೂತು ಒಮ್ಮೆ ಕೊರೆದ ಮೇಲೆ ಅದನ್ನು ಎರಡು ಮಿ.ಮೀ. ಕೆಳಗೆ ಸರಿಸಲು ಹೋದರೆ ತೂತು ಮೊಟ್ಟೆಯಾಕಾರವಾಗುತ್ತದೆಯೇ ಹೊರತು ಸರಿಯುವುದಿಲ್ಲ. ಹಾಗಂತ ಮೆಷಿನ್ ಸುಮ್ಮನೆ ನಿಲ್ಲಬೇಕಾಗಿಲ್ಲ. ಬ್ಲಾಕಿನ ಆರು ಮುಖಗಳನ್ನು ಸಮ ಮಾಡುವುದು, ಎಲ್ ಆಕಾರಕ್ಕೆ ಒಳಗಿನ ಲೋಹ ತೆಗೆಯುವುದು, ಬೇಸಿನ ನಾಲ್ಕು ತೂತುಗಳು, ಇವು ಯಾವುವೂ 52, 54ರ ಜಗಳಕ್ಕೆ ಸಿಕ್ಕಿಲ್ಲ. ಅಷ್ಟನ್ನು ಮುಗಿಸಿ, ನಿಂತ ಭಾಗದ ದೊಡ್ಡ ತೂತು ಮತ್ತು ಅದರ ಸುತ್ತಲ ನಾಲ್ಕು ತೂತುಗಳನ್ನು ಮಾತ್ರ ಉಳಿಸಿಕೊಳ್ಳಬಹುದು. ಸುತ್ತಲ ನಾಲ್ಕನ್ನೂ ಉಳಿಸಬೇಕು, ಏಕೆಂದರೆ ಅವುಗಳ ಜಾಗ ದೊಡ್ಡ ತೂತಿನ ನಡುಬಿಂದುವಿನಿಂದ ಎಣಿಸಿದ್ದು. ಕೆಲಸವನ್ನು ಹೀಗೆ ಒಡೆದು ನೋಡಿದ ಮೇಲೇ ಉತ್ತರ ಎಷ್ಟು ತುರ್ತು ಎಂದು ಅವನಿಗೆ ನಿಖರವಾಗಿ ಗೊತ್ತಾಗುತ್ತದೆ. ಮೇಲಿನಲ್ಲಿ ಅದನ್ನೂ ಬರೆಯುತ್ತಾನೆ. ಇಂಥ ಮೇಲುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಓಡಾಡುತ್ತವೆ. ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ವಿಷಯ: ಬಿಆರ್-117 ರಿವಿಷನ್ ಬಿ: ಮೋಟರ್ ತೂತಿನ ಎತ್ತರ 52 ಅಥವಾ 54? ಉತ್ತರ ಬರುವವರೆಗೆ ತೂತು ಕೊರೆಯುವುದಿಲ್ಲ

ನಮಸ್ಕಾರ ಮೇಡಂ,

ಮೋಟರ್ ಬ್ರ್ಯಾಕೆಟ್ ಬಿಆರ್-117, ರಿವಿಷನ್ ಬಿ, 40 ಪೀಸ್ ಕೆಲಸ ಶುರು ಮಾಡಿದ್ದೇವೆ. ಬೇಸಿನ ತಳದಿಂದ 38.1 ವ್ಯಾಸದ ತೂತಿನ ಸೆಂಟರಿಗೆ ಫ್ರಂಟ್ ವ್ಯೂನಲ್ಲಿ 52 ±0.1 ಇದೆ (ಹಾಳೆಯ ಬಿ-3 ಚೌಕ). ಸೆಕ್ಷನ್ ಎ-ಎಯಲ್ಲಿ ಅದೇ ಎತ್ತರ 54 ±0.1 ಇದೆ (ಬಿ-6 ಚೌಕ). ಎರಡೂ ತಳದಿಂದಲೇ ಕೊಟ್ಟಿರುವ ಅಳತೆ. ಎರಡಕ್ಕೂ ಕೆಂಪು ಗುರುತು ಹಾಕಿದ ಹಾಳೆಯನ್ನು ಲಗತ್ತಿಸಿದ್ದೇನೆ.

ನಾನು ಗಮನಿಸಿದ್ದು: ರಿವಿಷನ್ ಬಿಯಲ್ಲಿ ಬೇಸ್ ದಪ್ಪ 10ರಿಂದ 12 ಆಗಿದೆ. ಫ್ರಂಟ್ ವ್ಯೂನಲ್ಲಿ ಬೇಸ್ ಇನ್ನೂ 10 ಇದ್ದಂತೆ ಬರೆದಿದೆ, ಸೆಕ್ಷನ್ನಿನಲ್ಲಿ 12 ಇದೆ. ನೀವು ಕಳಿಸಿದ ಮಾದರಿಯಲ್ಲಿ ಎತ್ತರ 54 ಬರುತ್ತದೆ. ಇದನ್ನು ನೋಡಿದರೆ 54 ಹೊಸ ಅಳತೆ ಅನ್ನಿಸುತ್ತದೆ. ಆದರೆ ಈ ಮೋಟರ್ ಯಾವುದಕ್ಕೆ ಜೋಡಣೆಯಾಗುತ್ತದೆ ಎಂದು ನನಗೆ ಗೊತ್ತಿಲ್ಲದ ಕಾರಣ ನಾನಾಗಿ ತೀರ್ಮಾನ ಮಾಡುತ್ತಿಲ್ಲ.

ನನ್ನ ಪ್ರಶ್ನೆ ಒಂದೇ: ತಳದಿಂದ ತೂತಿನ ಸೆಂಟರಿಗೆ ಎತ್ತರ 52 ಇರಬೇಕೋ, 54 ಇರಬೇಕೋ?

ಹೊರಮುಖಗಳು ಮತ್ತು ಬೇಸಿನ ತೂತುಗಳ ಕೆಲಸ ನಡೆಯುತ್ತಿದೆ, ಅದಕ್ಕೆ ಇದರಿಂದ ತೊಂದರೆ ಇಲ್ಲ. ನಿಂತ ಭಾಗದ ಐದು ತೂತುಗಳನ್ನು ನಿಲ್ಲಿಸಿದ್ದೇನೆ. ಗುರುವಾರ ಬೆಳಿಗ್ಗೆ ಆ ಸೆಟಪ್ಪಿಗೆ ಬರುತ್ತೇವೆ. ಅದಕ್ಕೆ ಮುಂಚೆ ಉತ್ತರ ಸಿಕ್ಕರೆ ಡೆಲಿವರಿ ದಿನಾಂಕ ಬದಲಾಗುವುದಿಲ್ಲ. ದಯವಿಟ್ಟು ತಿದ್ದಿದ ಡ್ರಾಯಿಂಗ್ ಕಳಿಸಿ. ತಡವಾಗುವುದಾದರೆ ಈ ಮೇಲಿಗೆ ಅಳತೆ ಬರೆದು ಉತ್ತರಿಸಿ, ಡ್ರಾಯಿಂಗ್ ಆಮೇಲೆ ಬರಲಿ.

ವಂದನೆಗಳು,
ವಿಎಂಸಿ ವಿಭಾಗ

ಈ ಮೇಲನ್ನು ಇನ್ನೊಮ್ಮೆ ನೋಡಿ. ಅದನ್ನು ಪಡೆಯುವ ಎಂಜಿನಿಯರಿನ ಮುಂದೆ ಬೇರೆ ಹತ್ತು ಪ್ರಾಜೆಕ್ಟುಗಳಿರುತ್ತವೆ. ಡ್ರಾಯಿಂಗಿನಲ್ಲಿ ಅಳತೆ ತಪ್ಪಿದೆ, ದಯವಿಟ್ಟು ಪರಿಶೀಲಿಸಿ ಎಂದು ಒಂದು ಸಾಲು ಬರೆದಿದ್ದರೆ ಆಕೆ ಮೊದಲು ಯಾವ ಡ್ರಾಯಿಂಗ್ ಎಂದು ಕೇಳಬೇಕು, ಆಮೇಲೆ ಯಾವ ಅಳತೆ ಎಂದು ಕೇಳಬೇಕು. ಅಷ್ಟರಲ್ಲಿ ಒಂದು ದಿನ ಹೋಗುತ್ತದೆ. ಇನ್ನೂ ಅಪಾಯದ ಸಂಗತಿ, ಎರಡು ಕಡೆ ಬೇರೆ ಬೇರೆ ರಿವಿಷನ್ನಿನ ಹಾಳೆಗಳು ತೆರೆದಿರಬಹುದು. ಆಕೆ ತನ್ನ ಹಾಳೆ ನೋಡಿ ಎಲ್ಲ ಸರಿಯಾಗಿದೆ ಎಂದು ಬರೆದರೆ ಇವನ ಹಾಳೆಯಲ್ಲಿ ತಪ್ಪು ಹಾಗೇ ಉಳಿಯುತ್ತದೆ. ಭಾಗದ ಸಂಖ್ಯೆಯ ಜೊತೆಗೆ ರಿವಿಷನ್ ಅಕ್ಷರವನ್ನು ವಿಷಯದ ಸಾಲಿನಲ್ಲೇ ಬರೆದಿರುವುದು ಇದಕ್ಕೆ. ಹಾಳೆಯ ಅಂಚಿನ ಅಕ್ಷರ ಮತ್ತು ಅಂಕಿಗಳಿಂದ ಗುರುತಿಸುವ ಚೌಕವನ್ನು ಹೇಳಿದ್ದರಿಂದ ಆಕೆ ಆ ಸಂಖ್ಯೆಯನ್ನು ಹುಡುಕಬೇಕಾಗಿಲ್ಲ.

ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸುವುದು ಎರಡನೆಯ ಪ್ಯಾರಾ. ಅಲ್ಲಿ ಅವನು ತಾನು ಕಂಡದ್ದನ್ನು, ತನಗೆ ಅನ್ನಿಸಿದ್ದನ್ನು, ತನಗೆ ಗೊತ್ತಿಲ್ಲದ್ದನ್ನು ಬೇರೆ ಬೇರೆಯಾಗಿ ಇಟ್ಟಿದ್ದಾನೆ. 54 ಅನ್ನಿಸುತ್ತದೆ ಎಂದಿದ್ದಾನೆ, 54ಕ್ಕೆ ಹೊಡೆಯುತ್ತೇನೆ ಎಂದಿಲ್ಲ. ಬಹಳ ಮೇಲುಗಳು ಇಲ್ಲಿ ಜಾರುತ್ತವೆ. 54ಕ್ಕೆ ಮಾಡುತ್ತೇವೆ, ಬೇಡವಾದರೆ ತಿಳಿಸಿ ಎಂದು ಬರೆದುಬಿಡುತ್ತಾರೆ. ಓದದೆ ಬಿಟ್ಟ ಮೇಲ್ ಆಗ ಒಪ್ಪಿಗೆಯಾಗಿ ಮಾರ್ಪಡುತ್ತದೆ, ಆ ಕಡೆ ಎಂಜಿನಿಯರ್ ರಜೆಯಲ್ಲಿದ್ದರೂ ಸರಿ. ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಬರುವಂತಿದ್ದರೂ, ಅದು ಹೌದು ಅಥವಾ ಸರಿ ಎಂಬ ಪದವಾಗಿರಬಾರದು. 54 ಸರಿಯೇ ಎಂದು ಕೇಳಿದರೆ, ಗಡಿಬಿಡಿಯಲ್ಲಿರುವವರು ಮಾದರಿ ತೆರೆದು, 54 ಎಂದು ಕಂಡು, ಸರಿ ಎಂದುಬಿಡಬಹುದು. 52 ಇರಬೇಕೋ 54 ಇರಬೇಕೋ ಎಂದು ಕೇಳಿದರೆ, ಆಕೆ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಆರಿಸಲು ಕಾರಣ ಹುಡುಕಬೇಕಾಗುತ್ತದೆ.

ಆಕೆ ಹುಡುಕುತ್ತಾಳೆ. ಪೂರ್ತಿ ಯಂತ್ರದ ಜೋಡಣೆಯನ್ನು ತೆರೆದು ನೋಡಿದರೆ, ಬ್ರ್ಯಾಕೆಟ್ಟಿನ ಎದುರಿಗೆ ಅದೇ ತಳದ ಪ್ಲೇಟಿನ ಮೇಲೆ ಒಂದು ಬೇರಿಂಗ್ ಬ್ಲಾಕ್ ಕೂತಿದೆ. ಅದರೊಳಗೆ ಹಾದುಹೋಗುವ ಬಾಲ್ ಸ್ಕ್ರೂ ಮೇಜನ್ನು ಹಿಂದೆ ಮುಂದೆ ಸರಿಸುತ್ತದೆ. ಮೋಟರಿನ ಶಾಫ್ಟನ್ನೂ ಸ್ಕ್ರೂವಿನ ತುದಿಯನ್ನೂ ಒಂದು ಸಣ್ಣ ಕಪ್ಲಿಂಗ್ ಜೋಡಿಸುತ್ತದೆ. ಪ್ಲೇಟಿನಿಂದ ಸ್ಕ್ರೂವಿನ ನಡುಗೆರೆಗೆ ಇರುವ ಎತ್ತರ 52. ರಿವಿಷನ್ ಬಿಯಲ್ಲಿ ಬೇರಿಂಗ್ ಬ್ಲಾಕನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಮೋಟರಿನ ಎತ್ತರವೂ 52 ಇರಲೇಬೇಕು. ಹಳೆಯ ನೋಟದ ಹಳೆಯ ಸಂಖ್ಯೆಯೇ ಸರಿ. ಹೊಸ ಸೆಕ್ಷನ್ನೂ ಮಾದರಿಯೂ ತಪ್ಪು.

ಮಾದರಿ ತಪ್ಪಿದ್ದು ಹೇಗೆ ಎಂಬುದೂ ಈಗ ಕಾಣುತ್ತದೆ. ಮೊದಲು ಮಾದರಿ ಮಾಡುವಾಗ ತೂತಿನ ಎತ್ತರವನ್ನು ಬೇಸಿನ ಮೇಲ್ಮೈಯಿಂದ 42 ಎಂದು ಕಟ್ಟಲಾಗಿತ್ತು. ಬೇಸ್ 10 ಇದ್ದಾಗ 42 ಮತ್ತು 10 ಸೇರಿ ತಳದಿಂದ 52. ಎಲ್ಲ ಸರಿಯಾಗೇ ಇತ್ತು. ಬೇಸ್ ಅದುರುತ್ತದೆ ಎಂದು ಅದನ್ನು 12ಕ್ಕೆ ದಪ್ಪ ಮಾಡಿದಾಗ ಮೇಲ್ಮೈ ಎರಡು ಮಿ.ಮೀ. ಏರಿತು, ಅದಕ್ಕೆ ಕಟ್ಟಿದ್ದ ತೂತೂ ಏರಿ 54ಕ್ಕೆ ನಿಂತಿತು. ತಂತ್ರಾಂಶ ತನಗೆ ಹೇಳಿದ್ದನ್ನು ತಪ್ಪದೆ ಮಾಡಿತು. ಅಳತೆಯನ್ನು ಯಾವ ಮುಖದಿಂದ ಕಟ್ಟಬೇಕು ಎಂಬ ಆಯ್ಕೆಯಲ್ಲೇ ದೋಷವಿತ್ತು. ಪ್ಲೇಟಿಗೆ ತಾಕುವುದು ತಳ, ಎದುರಿನ ಸ್ಕ್ರೂವಿನ ಎತ್ತರ ಎಣಿಕೆಯಾಗುವುದೂ ಪ್ಲೇಟಿನಿಂದಲೇ. ಆದ್ದರಿಂದ ತೂತನ್ನೂ ತಳದಿಂದಲೇ ಕಟ್ಟಬೇಕಿತ್ತು. ಹೀಗೆ ಕಟ್ಟಿದ್ದರೆ ಬೇಸ್ ಎಷ್ಟೇ ದಪ್ಪವಾದರೂ ತೂತು ಕದಲುತ್ತಿರಲಿಲ್ಲ. ಡ್ರಾಯಿಂಗುಗಳಲ್ಲಿ ಡೇಟಮ್ ಎಂದು ಗುರುತಿಸುವ ಮುಖದ ಕೆಲಸ ಇದೇ, ಬೇರೆ ಅಳತೆಗಳಿಗೆಲ್ಲ ಅದು ಆಧಾರ.

52ಕ್ಕೆ ಒಪ್ಪುವ ಮುಂಚೆ ಆಕೆ ಇನ್ನೊಂದನ್ನು ನೋಡಬೇಕು. ಬೇಸ್ ಮೇಲಕ್ಕೆ ದಪ್ಪವಾಗಿದ್ದರಿಂದ ತೂತಿನ ನಡುಬಿಂದುವಿಗೂ ಬೇಸಿನ ಮೇಲ್ಮೈಗೂ ಇದ್ದ 42 ಈಗ 40ಕ್ಕೆ ಇಳಿಯುತ್ತದೆ. ಮೋಟರ್ ನೆಮಾ 23 ಮಾದರಿಯದು, ಅದರ ಚೌಕ ಮುಖ ಸುಮಾರು 57 ಮಿ.ಮೀ.; ನಡುವಿನಿಂದ ಕೆಳಕ್ಕೆ ಇಪ್ಪತ್ತೆಂಟೂವರೆ. ಬೇಸಿಗೂ ಮೋಟರಿಗೂ ನಡುವೆ ಹನ್ನೊಂದೂವರೆ ಮಿ.ಮೀ. ಉಳಿಯುತ್ತದೆ. ಏನೂ ತಾಗುವುದಿಲ್ಲ.

40 ಬ್ರ್ಯಾಕೆಟುಗಳೂ 54ಕ್ಕೆ ಕೊರೆದುಹೋಗಿದ್ದರೆ? ಇಂಥ ಸಣ್ಣ ಅಲ್ಯೂಮಿನಿಯಂ ಕಪ್ಲಿಂಗುಗಳು ಎರಡು ಶಾಫ್ಟುಗಳ ನಡುವೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ಏರುಪೇರನ್ನು ಸಹಿಸುತ್ತವೆ. ಎರಡು ಮಿ.ಮೀ. ಎಂದರೆ ಜೋಡಿಸಲೇ ಆಗದು. ಯಾರಾದರೂ ಬಲವಂತದಿಂದ ಜೋಡಿಸಿದರೆ ಕಪ್ಲಿಂಗ್ ಬೇಗ ಸೀಳುತ್ತದೆ, ಇಲ್ಲವೇ ಬೇರಿಂಗ್ ಹಾಳಾಗುತ್ತದೆ. ಬ್ರ್ಯಾಕೆಟ್ಟಿನ ತಳವನ್ನೇ ಎರಡು ಮಿ.ಮೀ. ತೆಗೆದರೆ ಎತ್ತರ ಸರಿಹೋಗುತ್ತದೆ, ಆದರೆ ಬೇಸ್ ಮತ್ತೆ 10ಕ್ಕೆ ಬರುತ್ತದೆ, ರಿವಿಷನ್ ಮಾಡಿದ್ದೇ ವ್ಯರ್ಥ. ಬೇರಿಂಗ್ ಬ್ಲಾಕಿನ ಕೆಳಗೆ ಎರಡು ಮಿ.ಮೀ. ಪಟ್ಟಿ ಇಟ್ಟು ಎತ್ತಲು ಹೋದರೆ ಸ್ಕ್ರೂವಿನ ಇನ್ನೊಂದು ತುದಿಯ ಬ್ಲಾಕನ್ನೂ, ನಡುವಿನ ನಟ್ಟನ್ನೂ ಎತ್ತಬೇಕು. ಅಪ್ಪಟ ಸ್ಕ್ರ್ಯಾಪ್ ಆಗದಿದ್ದರೂ ಅದರ ಸಮೀಪದ ಸ್ಥಿತಿ.

ಉತ್ತರ ಬುಧವಾರ ಬರುತ್ತದೆ ಎಂದಿಟ್ಟುಕೊಳ್ಳೋಣ. ಆಕೆ ಮೊದಲು ಫೋನಿನಲ್ಲಿ ಹೇಳಬಹುದು. ಫ್ಲೋರಿನ ಸದ್ದಿನಲ್ಲಿ ಫಿಫ್ಟಿ ಟೂ ಮತ್ತು ಫಿಫ್ಟಿ ಫೋರ್ ಕಿವಿಗೆ ತಪ್ಪಾಗಿ ಬೀಳುವುದು ಸುಲಭ, ಆರು ತಿಂಗಳ ನಂತರ ಮರು ಆರ್ಡರ್ ಬಂದಾಗ ಆ ಫೋನ್ ಕರೆಯ ನೆನಪು ಯಾರಿಗೂ ಇರುವುದಿಲ್ಲ. ಲಿಖಿತ ಉತ್ತರದಲ್ಲಿ ಸಂಖ್ಯೆಯ ಜೊತೆ ಕಾರಣವೂ ಇದ್ದರೆ ಇನ್ನೂ ಒಳ್ಳೆಯದು: 52 ಸರಿ, ಎದುರಿನ ಬೇರಿಂಗ್ ಬ್ಲಾಕಿನ ಸೆಂಟರ್ ಪ್ಲೇಟಿನಿಂದ 52 ಇದೆ, ಬೇಸ್ 12 ಹಾಗೇ ಇರಲಿ, ಸೆಕ್ಷನ್ನೂ ಮಾದರಿಯೂ ತಪ್ಪಾಗಿದ್ದವು, ರಿವಿಷನ್ ಸಿ ಕಳಿಸುತ್ತಿದ್ದೇನೆ. ಕಾರಣ ತಿಳಿದ ಮೆಷಿನಿಸ್ಟ್ ಮೊದಲ ಪೀಸನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ಹೈಟ್ ಗೇಜಿನಿಂದ ಅಳೆಯುವಾಗ, ಏನನ್ನು ಯಾವ ಮುಖದಿಂದ ಅಳೆಯಬೇಕು ಎಂಬ ಸ್ಪಷ್ಟತೆ ಇಟ್ಟುಕೊಂಡು ಅಳೆಯುತ್ತಾನೆ.

ರಿವಿಷನ್ ಸಿಯಲ್ಲಿ ಎತ್ತರದ ಅಳತೆ ಒಂದೇ ಕಡೆ ಇರಬೇಕು. ನನ್ನ ಮಟ್ಟಿಗೆ ಅದರ ಜಾಗ ಫ್ರಂಟ್ ವ್ಯೂ; ತೂತು ದುಂಡಗೆ ಕಾಣುವುದು, ನಾಲ್ಕು ಬೋಲ್ಟು ತೂತುಗಳೂ ಅದರ ಸುತ್ತ ಕಾಣುವುದು ಅಲ್ಲಿ. ಸೆಕ್ಷನ್ನಿನಲ್ಲಿ ದಪ್ಪಗಳು ಮಾತ್ರ ಉಳಿದರೆ ಸಾಕು. ಫ್ರಂಟ್ ವ್ಯೂವನ್ನೂ ಮಾದರಿಯಿಂದಲೇ ಹೊಸದಾಗಿ ತೆಗೆಯಬೇಕು, ಇಲ್ಲವಾದರೆ ಹತ್ತರ ಬೇಸಿನ ಆ ತುಂಡು ಗೆರೆ ಮುಂದಿನವರನ್ನೂ ಗೊಂದಲಕ್ಕೆ ಎಳೆಯುತ್ತದೆ. ಮಾದರಿಯಲ್ಲಿ ತೂತನ್ನು ತಳಕ್ಕೆ ಕಟ್ಟಬೇಕು. ರಿವಿಷನ್ ಪಟ್ಟಿಯಲ್ಲಿ ತೂತಿನ ಎತ್ತರದ ಬಗ್ಗೆ ಒಂದು ಸಾಲು ಬರಬೇಕು. ರಿವಿಷನ್ ಬಿಯ ಸಾಲು ಅದನ್ನು ಹೇಳದೆ ಬಿಟ್ಟದ್ದೇ ಮೆಷಿನಿಸ್ಟನನ್ನು ಅಷ್ಟು ದೂರ ಹುಡುಕಾಡಿಸಿತು.

ಶಾಪ್ ಫ್ಲೋರಿನ ಕೆಲಸ ಇನ್ನೂ ಬಾಕಿ. ರಿವಿಷನ್ ಬಿಯ ಮುದ್ರಿತ ಪ್ರತಿಗಳು ಎಲ್ಲೆಲ್ಲಿ ಇವೆಯೋ ಅಲ್ಲಿಂದ ತೆಗೆಯಬೇಕು: ಮೆಷಿನ್ನಿನ ಬಾಗಿಲಿಗೆ ಕ್ಲಿಪ್ ಹಾಕಿದ್ದು, ಇನ್‌ಸ್ಪೆಕ್ಷನ್ ಮೇಜಿನ ಮೇಲಿನದು, ಸೂಪರ್‌ವೈಸರ್ ಫೈಲಿನಲ್ಲಿರುವುದು. ತೂತು 52ಕ್ಕೆ ಸರಿಯಾಗಿ ಬಂದಿದ್ದರೂ ಇನ್‌ಸ್ಪೆಕ್ಟರ್ ಹಳೆಯ ಸೆಕ್ಷನ್ ನೋಡಿ ಅದನ್ನು ತಿರಸ್ಕರಿಸುವ ಸಾಧ್ಯತೆ ಆಗ ಇರುವುದಿಲ್ಲ. 54 ತೋರಿಸುವ ಮಾದರಿ ಕಡತವನ್ನೂ ಪ್ರೋಗ್ರಾಮ್ ಮಾಡುವ ಕಂಪ್ಯೂಟರಿನಿಂದ ತೆಗೆದುಹಾಕಬೇಕು.

ಎಂಜಿನಿಯರಿನ ಕಡೆಯೂ ಒಂದು ಕೆಲಸವಿದೆ, ಅದನ್ನು ಮರೆಯುವವರೇ ಹೆಚ್ಚು. ಮೋಟರ್ ಬ್ರ್ಯಾಕೆಟುಗಳು ಬಹಳ ಸಲ ಜೋಡಿಯಾಗಿ ಬರುತ್ತವೆ: ಒಂದು ಎಡಗೈಯದು, ಇನ್ನೊಂದು ಅದರದೇ ಕನ್ನಡಿ ಬಿಂಬವಾದ ಬಲಗೈಯದು. ಎರಡನೆಯದರ ಮಾದರಿಯನ್ನು ಮೊದಲನೆಯದನ್ನು ತಿರುಗಿಸಿಯೇ ಮಾಡಿರುತ್ತಾರೆ. ಹಾಗೆ ಮಾಡಿದ್ದರೆ ಬೇಸ್ 12 ಆದ ದಿನ ಅದರ ತೂತೂ 54ಕ್ಕೆ ಏರಿರುತ್ತದೆ. ಆ ಡ್ರಾಯಿಂಗಿನಲ್ಲಿ ಎತ್ತರವನ್ನು ಒಂದೇ ನೋಟದಲ್ಲಿ ಕೊಟ್ಟಿದ್ದರೆ ಅಲ್ಲಿ ಯಾವ ಜಗಳವೂ ಕಾಣುವುದಿಲ್ಲ, ಬೇರೆ ಶಾಪಿನ ಮೆಷಿನಿಸ್ಟನಿಗೆ ಕೇಳಲು ಏನೂ ಇರುವುದಿಲ್ಲ, ಅವನು 54ಕ್ಕೆ ಶಿಸ್ತಾಗಿ ಕೊರೆದು ಕಳಿಸುತ್ತಾನೆ. ಬಿಆರ್-117ರ ಉತ್ತರ ಬರೆದು ಮುಗಿಸಿದ ಕೂಡಲೇ ಆಕೆ ತೆರೆಯಬೇಕಾದ ಮುಂದಿನ ಕಡತ ಅದು.